ಗೆರೆಯ ಎರಡು ಬದಿ: ಸಾಲಮನ್ನಾ, ಗಡಿ ಮತ್ತು ಅರ್ಥಶಾಸ್ತ್ರದ ಸಹಜ ಪ್ರಯೋಗಗಳು



ಉಮರ್ಗಾ, ನಿಲಂಗಾ, ಉದಗೀರ್ ಭಾಗದ ಯಾವ ಚಹಾದ ಅಂಗಡಿಯಲ್ಲಿ ಕೂತರೂ ಕಿವಿಗೆ ಬೀಳುವ ಒಂದು ವಾದವನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಸಾಲಮನ್ನಾದಿಂದ ರೈತನಿಗೆ ಒಳ್ಳೆಯದಾಗುತ್ತದೆಯೇ? ಆಗುತ್ತದೆ ಎನ್ನುವವರು ಮನ್ನಾ ಆದ ವರ್ಷ ಮಗಳ ಮದುವೆ ಮಾಡಿ ಮುಗಿಸಿದವರನ್ನು ತೋರಿಸುತ್ತಾರೆ. ಇಲ್ಲ ಎನ್ನುವವರು ಎರಡು ಸಲ ಮನ್ನಾ ಆದರೂ ಮೂರನೆಯ ಸಲ ಸಾಲದಲ್ಲೇ ಬಿದ್ದವರನ್ನು ತೋರಿಸುತ್ತಾರೆ. ಇಬ್ಬರ ಬಳಿಯೂ ಉದಾಹರಣೆಗಳಿವೆ. ಆದರೆ ಉದಾಹರಣೆ ಎಷ್ಟೇ ಇದ್ದರೂ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಏಕೆ ಬಗೆಹರಿಯುವುದಿಲ್ಲ, ಬಗೆಹರಿಸಲು ಅರ್ಥಶಾಸ್ತ್ರಜ್ಞರು ಏನು ಮಾಡುತ್ತಾರೆ ಎಂಬುದನ್ನು ನಿಮ್ಮ ಊರು, ನಿಮ್ಮ ಹೊಲ, ನಿಮ್ಮ ಉತಾರೆಗಳನ್ನೇ ಇಟ್ಟುಕೊಂಡು ಹೇಳಬೇಕೆಂದಿದ್ದೇನೆ.

ಮೊದಲಿಗೆ ಎಲ್ಲರೂ ಮಾಡುವ ಲೆಕ್ಕವನ್ನೇ ಮಾಡೋಣ. ನಿಲಂಗಾ ತಾಲೂಕಿನಲ್ಲಿ ಸಾಲಮನ್ನಾ ಆದ ಸಾವಿರ ರೈತರನ್ನೂ ಆಗದ ಸಾವಿರ ರೈತರನ್ನೂ ಕಂಡು, ಐದು ವರ್ಷದ ಮೇಲೆ ಅವರ ಆದಾಯ, ಬೆಳೆ, ಸಾಲ ಎಲ್ಲವನ್ನೂ ಬರೆದುಕೊಂಡೆವು ಎನ್ನಿ. ಮನ್ನಾ ಆದವರೇ ಹೆಚ್ಚು ಬಡವರಾಗಿ ಕಾಣುತ್ತಾರೆ. ಮನ್ನಾದಿಂದಲೇ ಬಡವರಾದರೇ? ಹಾಗೆ ಹೇಳುವಂತಿಲ್ಲ. ಮನ್ನಾ ಸಿಗುವುದು ಸುಸ್ತಿದಾರನಿಗೆ. ಸುಸ್ತಿದಾರನಾಗುವುದು ಬೆಳೆ ಕೈಕೊಟ್ಟವನು, ಮನೆಯಲ್ಲಿ ಕಾಯಿಲೆ ಬಂದವನು, ಬಾವಿ ತೋಡಿಸಿ ನೀರು ಕಾಣದವನು. ಅವನ ಬಡತನಕ್ಕೆ ಕಾರಣ ಮನ್ನಾಕ್ಕಿಂತ ಮೊದಲೇ ಮನೆಯೊಳಗೆ ಬಂದು ಕೂತಿತ್ತು. ಮನ್ನಾ ಮತ್ತು ಬಡತನ ಜೊತೆಯಾಗಿ ಕಂಡದ್ದು ಸಹಸಂಬಂಧ. ಒಂದರಿಂದ ಇನ್ನೊಂದು ಆಯಿತೇ ಎಂಬುದು ಕಾರ್ಯಕಾರಣದ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಬೇಕಾದರೆ, ಅದೇ ರೈತನಿಗೆ ಮನ್ನಾ ಸಿಗದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ತಿಳಿಯಬೇಕು. ಆ ರೈತ ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಅವನ ಜಾಗದಲ್ಲಿ ನಿಲ್ಲಬಲ್ಲ ಇನ್ನೊಬ್ಬನನ್ನು ಹುಡುಕಬೇಕು. ಎಲ್ಲ ವಿಷಯದಲ್ಲೂ ಇವನಂತೆಯೇ ಇದ್ದು, ತನ್ನ ಗುಣದೋಷಕ್ಕೆ ಸಂಬಂಧವೇ ಇಲ್ಲದ ಯಾವುದೋ ಕಾರಣಕ್ಕೆ ಮನ್ನಾ ತಪ್ಪಿಸಿಕೊಂಡವನು ಆತ.

ಔಷಧಿಯ ಪರೀಕ್ಷೆಯಲ್ಲಿ ಚೀಟಿ ಎತ್ತಿ ಯಾರಿಗೆ ಗುಳಿಗೆ, ಯಾರಿಗೆ ಸಕ್ಕರೆ ಎಂದು ನಿರ್ಧರಿಸುತ್ತಾರೆ. ಸರ್ಕಾರ ಚೀಟಿ ಎತ್ತಿ ಸಾಲಮನ್ನಾ ಮಾಡುವುದಿಲ್ಲ. ಆದರೆ ಸರ್ಕಾರ, ಇತಿಹಾಸ, ಪ್ರಕೃತಿ ಇವು ತಮ್ಮ ಕೆಲಸಕ್ಕಾಗಿ ಎಳೆಯುವ ಗೆರೆಗಳು ಕೆಲವೊಮ್ಮೆ ಚೀಟಿ ಎತ್ತಿದಷ್ಟೇ ಕುರುಡಾಗಿ ಜನರನ್ನು ಎರಡು ಪಾಲು ಮಾಡುತ್ತವೆ. ಅಂಥ ಸಂದರ್ಭಗಳಿಗೆ ಸಹಜ ಪ್ರಯೋಗ ಎನ್ನುತ್ತಾರೆ. ಈ ಬಗೆಯ ಕೆಲಸಕ್ಕೇ 2021ರಲ್ಲಿ ಡೇವಿಡ್ ಕಾರ್ಡ್, ಜೋಶುವಾ ಆಂಗ್ರಿಸ್ಟ್, ಗೀಡೋ ಇಂಬೆನ್ಸ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೆರೆ ಎಷ್ಟು ಕುರುಡು ಎಂಬುದರ ಮೇಲೆ ಪ್ರಯೋಗದ ಬೆಲೆ ನಿಂತಿದೆ. ಅದನ್ನು ತಿಳಿಯಲು ಅಂಕಿಗಳಷ್ಟೇ ಸಾಲವು, ಗೆರೆಯ ಇತಿಹಾಸ ಗೊತ್ತಿರಬೇಕು. ಇದೇ ನನ್ನ ಮುಖ್ಯ ಮಾತು. ಎರಡು ಗೆರೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತೇನೆ.

ಮೊದಲನೆಯ ಗೆರೆ ನೆಲದ ಮೇಲಿನದು. ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯಲ್ಲಿ ಭಾಲ್ಕಿ, ಸಂತಪುರ, ಹುಮನಾಬಾದ್‌ಗಳ ಜೊತೆಗೆ ಉದಗೀರ್, ನಿಲಂಗಾ, ಅಹಮದಪುರಗಳೂ ಇದ್ದವು. ಒಂದೇ ಕಲೆಕ್ಟರ್ ಕಚೇರಿ, ಒಂದೇ ಉರ್ದು ದಫ್ತರ, ಒಂದೇ ಕಪ್ಪು ನೆಲ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಕಾಯ್ದೆಯಂತೆ ಆ ಜಿಲ್ಲೆ ಒಡೆಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಸಂತಪುರಗಳು ಮೈಸೂರಿಗೆ ಬಂದವು. ಉದಗೀರ್, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದಿನ ಕಡೆಯ ಭಾಗ ಆಂಧ್ರಕ್ಕೆ ಸೇರಿತು. ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದ್ ಜಿಲ್ಲೆಯದು, ಅದು ಜಿಲ್ಲೆಯ ಸಮೇತ ಮುಂಬಯಿಗೆ ಸೇರಿತು.

ಒಬ್ಬ ಸಂಶೋಧಕನಿಗೆ ಇದಕ್ಕಿಂತ ಆಸೆ ಹುಟ್ಟಿಸುವ ಗಡಿ ಬೇರೆ ಬೇಕಿಲ್ಲ. ಭಾಲ್ಕಿಗೂ ಉದಗೀರಿಗೂ ಮಳೆ ಒಂದೇ, ತೊಗರಿ, ಉದ್ದು, ಜೋಳ ಒಂದೇ, ಹಿಂದಿನ ಆಡಳಿತವೂ ಒಂದೇ. ಇಂದು ಈ ಎರಡು ಕಡೆ ಸಾಕ್ಷರತೆಯಲ್ಲೋ ಸಾಲದಲ್ಲೋ ವ್ಯತ್ಯಾಸ ಕಂಡರೆ ಅದು ಎರಡು ರಾಜ್ಯಗಳ ಆಡಳಿತದ ಫಲ ಎಂದು ಬರೆದುಬಿಡಬಹುದೇ?

ಇಲ್ಲಿ ಗೆರೆಯ ಇತಿಹಾಸ ಅಡ್ಡ ಬರುತ್ತದೆ. ಗೆರೆ ಎಳೆದವರು ಕಣ್ಣು ಮುಚ್ಚಿ ಎಳೆಯಲಿಲ್ಲ, ತಾಲೂಕಿನ ಬಹುಸಂಖ್ಯಾತರ ಭಾಷೆ ನೋಡಿ ಎಳೆದರು. ಆದ್ದರಿಂದ ಗೆರೆ ಬೀಳುವ ಮೊದಲೇ ಎರಡು ಬದಿಗಳಲ್ಲಿ ಒಂದು ವ್ಯತ್ಯಾಸವಿತ್ತು. ಆ ಕಡೆ ಮರಾಠಿ ಹೆಚ್ಚು, ಈ ಕಡೆ ಕನ್ನಡ ಹೆಚ್ಚು. ಭಾಷೆಯ ಜೊತೆಗೆ ಪೇಟೆಯ ಸಂಬಂಧ, ಮದುವೆಯ ಸಂಬಂಧ, ಮಕ್ಕಳನ್ನು ಓದಲು ಕಳಿಸುವ ಊರು ಇವೂ ಬೇರೆಯಾಗುತ್ತವೆ. ಇಂದು ಕಾಣುವ ಅಂತರದಲ್ಲಿ ಎಷ್ಟು ಪಾಲು ರಾಜ್ಯದ್ದು, ಎಷ್ಟು ಪಾಲು ಮೊದಲಿನಿಂದಲೇ ಇದ್ದದ್ದು ಎಂದು ಬಿಡಿಸಲಾಗದು.

ಇನ್ನೊಂದು ತೊಡಕು, ಗಡಿ ದಾಟಿದರೆ ಒಂದಲ್ಲ, ಎಲ್ಲವೂ ಬದಲಾಗುತ್ತವೆ. ಶಾಲೆಯ ಪುಸ್ತಕ, ವಿದ್ಯುತ್ ದರ, ಸಹಕಾರಿ ಕಾನೂನು, ಬಸ್ಸು, ಎಪಿಎಂಸಿ ಎಲ್ಲವೂ ಬೇರೆ. ಅಂತರ ಸಿಕ್ಕರೂ ಅದನ್ನು ಯಾವುದರ ಹೆಸರಿಗೆ ಬರೆಯಬೇಕು?

ಇದಕ್ಕೆ ಅರ್ಥಶಾಸ್ತ್ರಜ್ಞರು ಕಂಡುಕೊಂಡ ದಾರಿ ಗಡಿಗೆ ಒಂದು ದಿನಾಂಕವನ್ನೂ ಸೇರಿಸುವುದು. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ ಸುಮಾರು 400 ತಿಂಡಿ ಹೋಟೆಲುಗಳಲ್ಲಿ ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಆಳುಗಳನ್ನು ಎಣಿಸಿದರು. ಅವರು ಎರಡು ಕಡೆಯ ಅಂತರವನ್ನು ನೋಡಲಿಲ್ಲ, ಆ ಅಂತರ ಏರಿಕೆಯ ನಂತರ ಎಷ್ಟು ಬದಲಾಯಿತು ಎಂಬುದನ್ನು ನೋಡಿದರು. ಮೊದಲಿನಿಂದ ಇದ್ದ ವ್ಯತ್ಯಾಸ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಕೂಲಿ ಏರಿದರೆ ಕೆಲಸ ಹೋಗುತ್ತದೆ ಎಂಬ ಆಗಿನ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ. ಆ ಫಲಿತಾಂಶದ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು, ಆದರೆ ಎಣಿಸುವ ಕ್ರಮ ಉಳಿಯಿತು.

ಈ ಕ್ರಮ ಒಂದು ಷರತ್ತಿನ ಮೇಲೆ ನಿಂತಿದೆ. ಹೊಸ ನಿಯಮ ಬಾರದೇ ಇದ್ದಿದ್ದರೆ ಎರಡು ಕಡೆಯವರೂ ಒಂದೇ ನಡಿಗೆಯಲ್ಲಿ ಸಾಗುತ್ತಿದ್ದರು ಎಂಬುದು ಆ ಷರತ್ತು. ನಮ್ಮ ಗಡಿಯಲ್ಲಿ ಆ ಷರತ್ತು ಎಲ್ಲಿ ಮುರಿಯುತ್ತದೆ ಎಂದು ಇಲ್ಲಿನ ಹಿರಿಯರಿಗೆ ಹೇಳಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ ಹೊತ್ತಿನಲ್ಲಿ, ಔಸಾ ತಾಲೂಕಿನ ಕಿಲ್ಲಾರಿಯ ಸುತ್ತ ನೆಲ ನಡುಗಿತು. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ, ಅದರಲ್ಲೂ ಔಸಾ, ಉಮರ್ಗಾ ಕಡೆ, ಸಾವಿರಾರು ಜನ ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಸತ್ತರು. ಮುಂದೆ ವಿಶ್ವ ಬ್ಯಾಂಕಿನ ನೆರವಿನಿಂದ ದೊಡ್ಡ ಪುನರ್ವಸತಿ ಕಾರ್ಯಕ್ರಮ ನಡೆದು, 52 ಹಳ್ಳಿಗಳು ಹೊಸ ಜಾಗಕ್ಕೆ ಹೋದವು. ಗಡಿಯಾಚೆಯ ಭಾಲ್ಕಿಯಲ್ಲಿ ಅಂಥದ್ದೇನೂ ಆಗಲಿಲ್ಲ. 1990ರ ದಶಕದಲ್ಲಿ ಎರಡು ರಾಜ್ಯಗಳ ಯಾವುದೇ ಯೋಜನೆಯನ್ನು ಉಮರ್ಗಾ ಮತ್ತು ಭಾಲ್ಕಿಗಳ ಮೇಲೆ ಅಳೆಯಲು ಹೊರಟವರು ತಿಳಿಯದೆ ಭೂಕಂಪವನ್ನೇ ಅಳೆಯುತ್ತಾರೆ. ಕಂಪ್ಯೂಟರಿನಲ್ಲಿ ಅಂಕಿ ತುಂಬುವ ದೂರದ ಸಂಶೋಧಕನಿಗೆ ಇದು ಹೊಳೆಯದಿರಬಹುದು, ಊರು ಬಲ್ಲವನಿಗೆ ಹೊಳೆಯದೆ ಇರದು.

ಗಡಿ ಕೆಲಸಕ್ಕೇ ಬಾರದು ಎಂದೇನಲ್ಲ. 2013ರಿಂದ ಜಾರಿಗೆ ಬಂದ 371ಜೆ ವಿಧಿಯನ್ನು ನೋಡಿ. ಬೀದರಿನ ಹುಡುಗನಿಗೆ ತನ್ನ ಭಾಗದ ವೃತ್ತಿಶಿಕ್ಷಣ ಕಾಲೇಜುಗಳ ಬಹುಪಾಲು ಸೀಟುಗಳಲ್ಲಿ ಮೀಸಲಾತಿ ಸಿಕ್ಕಿತು, ಉದಗೀರಿನ ಹುಡುಗನಿಗೆ ಸಿಗಲಿಲ್ಲ. ದಿನಾಂಕವಿದೆ, ಗೆರೆಯಿದೆ. ಅಲ್ಲಿ ಹುಟ್ಟಿರಬೇಕು ಅಥವಾ ಹತ್ತು ವರ್ಷ ನೆಲೆಸಿರಬೇಕು ಎಂಬ ನಿಯಮವಿರುವುದರಿಂದ ರಾತ್ರೋರಾತ್ರಿ ಗೆರೆ ಜಿಗಿದು ಬರಲೂ ಆಗದು. ಜಿಗಿಯಲಾಗದ ಗೆರೆ ಎಂಬ ಈ ಗುಣವನ್ನು ನೆನಪಿಡಿ, ಎರಡನೆಯ ಗೆರೆಯಲ್ಲಿ ಅದೇ ಮುಖ್ಯ.

ಎರಡನೆಯ ಗೆರೆ ಕಾಗದದ ಮೇಲಿನದು. 2008ರ ಫೆಬ್ರುವರಿ 29ರಂದು ಬಜೆಟ್ ಭಾಷಣದಲ್ಲಿ ಪಿ. ಚಿದಂಬರಂ ಕೇಂದ್ರದ ಕೃಷಿ ಸಾಲಮನ್ನಾ ಯೋಜನೆಯನ್ನು ಘೋಷಿಸಿದರು. 2007ರ ಮಾರ್ಚ್ 31ರೊಳಗೆ ಪಡೆದು, ಆ ವರ್ಷದ ಕೊನೆಗೆ ಸುಸ್ತಿಯಾಗಿ, ಘೋಷಣೆಯ ದಿನದವರೆಗೂ ಕಟ್ಟದೆ ಉಳಿದ ಸಾಲಗಳಿಗೆ ಅದು ಅನ್ವಯಿಸಿತು. ರೈತನ ಜಮೀನು 2 ಹೆಕ್ಟೇರಿನ ಒಳಗಿದ್ದರೆ ಪೂರ್ತಿ ಮನ್ನಾ. ಅದಕ್ಕಿಂತ ಹೆಚ್ಚಿದ್ದರೆ, ನೂರಕ್ಕೆ 75ರಷ್ಟನ್ನು ಕಟ್ಟಿದ ಮೇಲೆ ಉಳಿದ 25ರಷ್ಟು ಮಾತ್ರ ಮಾಫಿ.

ಇಬ್ಬರು ರೈತರನ್ನು ಊಹಿಸಿಕೊಳ್ಳಿ. ಒಬ್ಬನ ಸಾತ್‌ಬಾರಾ ಉತಾರೆಯಲ್ಲಿ 1 ಹೆಕ್ಟೇರ್ 95 ಆರ್, ಇನ್ನೊಬ್ಬನದರಲ್ಲಿ 2 ಹೆಕ್ಟೇರ್ 5 ಆರ್. ನಡುವಿನ ಅಂತರ ಹತ್ತು ಗುಂಟೆಯ ಆಸುಪಾಸು. ಇಬ್ಬರೂ ಸೊಸೈಟಿಯಿಂದ 48,000 ರೂಪಾಯಿ ಬೆಳೆಸಾಲ ತೆಗೆದಿದ್ದಾರೆ, ಇಬ್ಬರದೂ ಸುಸ್ತಿ. ಮೊದಲನೆಯವನ 48,000 ಪೂರ್ತಿ ಹೋಯಿತು. ಎರಡನೆಯವನು 36,000 ಕಟ್ಟಿದರೆ 12,000 ಬಿಟ್ಟರು. ಹತ್ತು ಗುಂಟೆ ಕಪ್ಪು ನೆಲದಿಂದ ಯಾರ ಹಣೆಬರಹವೂ ಬದಲಾಗುವುದಿಲ್ಲ. ಮಳೆ, ಮಣ್ಣು, ಸಾವುಕಾರ, ಸೋಯಾಬೀನ್ ದರ ಇಬ್ಬರಿಗೂ ಒಂದೇ. ಇವರಂಥ ನೂರಾರು ಜನರನ್ನು ಗೆರೆಯ ಎರಡು ಬದಿಯಲ್ಲಿ ಹುಡುಕಿ, ಕೆಲವು ವರ್ಷದ ನಂತರ ಅವರ ಬದುಕನ್ನು ಹೋಲಿಸಿದರೆ, ಅಲ್ಲಿ ಕಾಣುವ ಜಿಗಿತವನ್ನು ಮನ್ನಾದ ಲೆಕ್ಕಕ್ಕೆ ಹಾಕಬಹುದು. ಒಂದು ಎಕರೆಯವನನ್ನು ಇಪ್ಪತ್ತು ಎಕರೆಯವನ ಜೊತೆ ಹೋಲಿಸುವ ತಪ್ಪು ಇಲ್ಲಿಲ್ಲ.

ಇನ್ನು ಗೆರೆಯ ಇತಿಹಾಸ. ಸಾಲ ತೆಗೆಯುವಾಗ ಮುಂದೊಂದು ದಿನ 2 ಹೆಕ್ಟೇರಿಗೆ ಗೆರೆ ಬೀಳುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಘೋಷಣೆಯಾದ ಮೇಲೆ ಅಣ್ಣತಮ್ಮಂದಿರು ಹೊಲ ಹಂಚಿಕೊಂಡರೂ ಉಪಯೋಗವಿರಲಿಲ್ಲ, ಏಕೆಂದರೆ ಸಾಲ ತೆಗೆದ ದಿನ ಬ್ಯಾಂಕಿನ ಕಾಗದದಲ್ಲಿದ್ದ ಜಮೀನೇ ಲೆಕ್ಕಕ್ಕೆ. 1956ರ ಗೆರೆ ಎಳೆದವರಿಗೆ ಎರಡು ಬದಿಯ ಜನರ ವ್ಯತ್ಯಾಸ ಗೊತ್ತಿತ್ತು, ಅದಕ್ಕಾಗಿಯೇ ಎಳೆದರು. 2008ರ ಗೆರೆ ಎಳೆದವರಿಗೆ 1.95ರವನಿಗೂ 2.05ರವನಿಗೂ ಇರುವ ಭೇದ ಗೊತ್ತೂ ಇರಲಿಲ್ಲ, ಬೇಕೂ ಇರಲಿಲ್ಲ. ಆದ್ದರಿಂದ ನೋಡಲು ಸಪ್ಪೆಯಾದ ಈ ಗೆರೆಯೇ ಪ್ರಯೋಗಕ್ಕೆ ಹೆಚ್ಚು ಒಳ್ಳೆಯದು.

ಆದರೂ ಕಾಗದವನ್ನು ನಂಬಿ ಕೂರುವಂತಿಲ್ಲ, ಪರೀಕ್ಷೆ ಮಾಡಬೇಕು. ಮೊದಲ ಪರೀಕ್ಷೆ ತಲೆ ಎಣಿಕೆ. ಗೆರೆಯ ಕೆಳಗೆ, 1.98, 1.99ರಲ್ಲಿ, ಏಕಾಏಕಿ ಜನ ಗುಂಪುಗೂಡಿದ್ದಾರೆಯೇ? ಗೂಡಿದ್ದರೆ ದಾಖಲೆಯ ಮೇಲೆ ಯಾರೋ ಕೈಯಾಡಿಸಿದ್ದಾರೆ. ಇಲ್ಲಿ ಊರಿನ ತಿಳಿವಳಿಕೆ ಮತ್ತೆ ಬೇಕಾಗುತ್ತದೆ. ಬೀದರ್ ಕಡೆಯ ಪಹಣಿಯಲ್ಲಿ ಜಮೀನು ಎಕರೆ-ಗುಂಟೆಯಲ್ಲಿದೆ, ಲಾತೂರ್ ಕಡೆಯ ಉತಾರೆಯಲ್ಲಿ ಹೆಕ್ಟೇರ್-ಆರ್‌ನಲ್ಲಿದೆ. ಹಿಂದೆ ಎಲ್ಲರೂ ಹಂಚಿಕೊಂಡದ್ದು, ಕೊಂಡದ್ದು ಎಕರೆಯ ಲೆಕ್ಕದಲ್ಲಿ. ಸರಿಯಾಗಿ ಐದು ಎಕರೆ ಎಂಬ ಹಿಡುವಳಿ ಎಲ್ಲೆಲ್ಲೂ ಸಿಗುತ್ತದೆ. ಐದು ಎಕರೆ ಎಂದರೆ 2 ಹೆಕ್ಟೇರ್ 2 ಆರ್. ಸರ್ಕಾರದ ಮಾರ್ಗಸೂಚಿಯೋ 2 ಹೆಕ್ಟೇರ್ ಎಂದು ಹೇಳಿ, ಆವರಣದಲ್ಲಿ 5 ಎಕರೆ ಎಂದು ಬರೆದಿತ್ತು. ಎಕರೆಯಲ್ಲಿ ಓದಿದರೆ ಆ ರೈತ ಗೆರೆಯ ಒಳಗೆ, ಹೆಕ್ಟೇರಿನಲ್ಲಿ ಅಕ್ಷರಶಃ ಓದಿದರೆ ಎರಡೂವರೆ ಗುಂಟೆಗೂ ಕಡಿಮೆ ನೆಲಕ್ಕಾಗಿ ಗೆರೆಯ ಹೊರಗೆ. ಹೀಗಾಗಿ ಇಲ್ಲಿ ಗೆರೆಯ ಹತ್ತಿರವೇ ಜನರ ಗುಂಪು ಕಂಡರೆ ಅದು ಮೋಸದ ಗುಂಪಾಗಿರಬೇಕಿಲ್ಲ, ಅಳತೆಯ ಗುಂಪಾಗಿರಬಹುದು. ಎಚ್ಚರದ ಸಂಶೋಧಕ ಸರಿಯಾಗಿ ಐದೆಕರೆಯವರನ್ನು ಪಕ್ಕಕ್ಕಿಟ್ಟು ಉಳಿದವರ ಮೇಲೆ ಲೆಕ್ಕ ಮಾಡಿ, ಉತ್ತರ ಬದಲಾಗುತ್ತದೆಯೇ ಎಂದು ನೋಡುತ್ತಾನೆ.

ಎರಡನೆಯ ಪರೀಕ್ಷೆ ಹಿಂದಿನ ಬದುಕಿನದು. ರೈತನ ವಯಸ್ಸು, ಓದು, ಬಾವಿ, 2008ಕ್ಕಿಂತ ಮುಂಚಿನ ಸಾಲ ಇವು ಗೆರೆಯ ಬಳಿ ಜಿಗಿಯಬಾರದು. ಮನ್ನಾಕ್ಕಿಂತ ಮೊದಲೇ ಜಿಗಿತ ಇದ್ದರೆ ಗೆರೆ ಕುರುಡಲ್ಲ. ಮೂರನೆಯದು ಸುಳ್ಳು ಗೆರೆಯ ಪರೀಕ್ಷೆ. 1.6 ಹೆಕ್ಟೇರಿನಲ್ಲೋ 2.4ರಲ್ಲೋ ಗೆರೆಯಿದೆಯೆಂದು ಭಾವಿಸಿ ಅದೇ ಲೆಕ್ಕ ಮಾಡಬೇಕು. ಅಲ್ಲಿಯೂ ಜಿಗಿತ ಕಂಡರೆ ನಮ್ಮ ಲೆಕ್ಕದಲ್ಲೇ ಏನೋ ಕೆಟ್ಟಿದೆ ಎಂದರ್ಥ.

ವಿಶ್ವ ಬ್ಯಾಂಕಿನ ಅರ್ಥಶಾಸ್ತ್ರಜ್ಞ ಮಾರ್ಟಿನ್ ಕಾಂಜ್ ಈ 2 ಹೆಕ್ಟೇರಿನ ಗೆರೆಯನ್ನೇ ಹಿಡಿದು ಗುಜರಾತಿನ ರೈತ ಕುಟುಂಬಗಳನ್ನು ಅಧ್ಯಯನ ಮಾಡಿ, 2016ರಲ್ಲಿ ಪ್ರಕಟಿಸಿದರು. ಪೂರ್ತಿ ಮನ್ನಾ ಪಡೆದವರ ಸಾಲದ ಹೊರೆ ನಿಜಕ್ಕೂ ಇಳಿದಿತ್ತು, ಇಳಿದೇ ಉಳಿದಿತ್ತು. ಆದರೆ ಹೊಲದ ಮೇಲಿನ ಹೂಡಿಕೆ ಏರಿರಲಿಲ್ಲ, ಇಳುವರಿಯೂ ಏರಿರಲಿಲ್ಲ. ಬ್ಯಾಂಕು ಮುಂದೆ ತಮಗೆ ಸಾಲ ಕೊಡಲಿಕ್ಕಿಲ್ಲ ಎಂಬ ಅಂಜಿಕೆಯಿಂದ ಅವರು ಖಾಸಗಿ ಸಾಲದ ಕಡೆಗೆ ಹೆಚ್ಚು ವಾಲಿದ್ದರು. ಈ ಕಡೆಯ ರೈತರು "ಮನ್ನಾ ಆಯ್ತ್ರಿ, ಖರೆ ಬ್ಯಾಂಕಿನ ಬಾಗಲಾ ಮುಚ್ಚಿತು" ಎಂದು ಹೇಳುವ ಮಾತಿಗೆ ಇದು ಹತ್ತಿರವಾಗಿದೆ. ಚಹಾದಂಗಡಿಯ ವಾದದಲ್ಲಿ ಎರಡೂ ಕಡೆಯವರು ಹೇಳಿದ್ದು ಅರ್ಧರ್ಧ ನಿಜ. ಹೊರೆ ಇಳಿಯುತ್ತದೆ, ಬೇಸಾಯ ಮಾತ್ರ ಏಳುವುದಿಲ್ಲ.

ಇದೇ ಉತ್ತರ ನಿಲಂಗಾಕ್ಕೂ ಸಲ್ಲುತ್ತದೆಯೇ? ಅವಸರ ಬೇಡ. ಗೆರೆಯ ಬಳಿ ಸಿಕ್ಕ ಉತ್ತರ ಗೆರೆಯ ಬಳಿಯವರಿಗೆ ಮಾತ್ರ. ಐದೆಕರೆಯ ಆಸುಪಾಸಿನವರ ಬಗ್ಗೆ ಅದು ಹೇಳುತ್ತದೆ, ಒಂದೆಕರೆಯವನ ಬಗ್ಗೆ ಹೇಳದು. ಬ್ಯಾಂಕಿಗೇ ಹೋಗದ, ಸಾವುಕಾರನ ಸಾಲದಲ್ಲೇ ಇರುವ ಪಾಲುದಾರನ ಬಗ್ಗೆಯಂತೂ ಏನೂ ಹೇಳದು.

ಬರದ ನಾಡಿನಲ್ಲಿ ಇನ್ನೊಂದು ಷರತ್ತನ್ನು ಓದಲೇಬೇಕು. ಬರಪೀಡಿತವೆಂದು ಪಟ್ಟಿ ಮಾಡಿದ ಜಿಲ್ಲೆಗಳಲ್ಲಿ ದೊಡ್ಡ ಹಿಡುವಳಿದಾರನಿಗೆ 25 ಶೇಕಡ ಅಥವಾ 20,000 ರೂಪಾಯಿ, ಯಾವುದು ಹೆಚ್ಚೋ ಅದು ಸಿಗುತ್ತಿತ್ತು. ಅಂಥ ಜಿಲ್ಲೆಯಲ್ಲಿ ನಮ್ಮ ಎರಡನೆಯ ರೈತನಿಗೆ 12,000 ಅಲ್ಲ, 20,000 ಮಾಫಿ, ಕಟ್ಟಬೇಕಾದ್ದು 28,000. ಅವನ ಸಾಲ 18,000 ಮಾತ್ರ ಇದ್ದಿದ್ದರೆ ಕಟ್ಟಲು ಉಳಿಯುವುದೇ ಇಲ್ಲ. ಸಣ್ಣ ಸಾಲದವರ ಮಟ್ಟಿಗೆ ಗೆರೆ ಅಳಿಸಿಯೇ ಹೋಗುತ್ತದೆ. ಅವರನ್ನೂ ಸೇರಿಸಿ ಲೆಕ್ಕ ಮಾಡಿ "ವ್ಯತ್ಯಾಸವೇ ಕಾಣಲಿಲ್ಲ, ಮನ್ನಾ ದಂಡ" ಎಂದು ಬರೆದರೆ ಅದು ತಪ್ಪು ತೀರ್ಪು.

ಜೊತೆಗೆ ಬ್ಯಾಂಕುಗಳೂ ಎಲ್ಲ ಕಡೆ ಗೆರೆಯನ್ನು ಪಾಲಿಸಲಿಲ್ಲ. ಮಹಾಲೇಖಪಾಲರು 2013ರಲ್ಲಿ ಸಂಸತ್ತಿನ ಮುಂದಿಟ್ಟ ವರದಿಯಲ್ಲಿ, ಪರಿಶೀಲಿಸಿದ ಪ್ರಕರಣಗಳಲ್ಲಿ ಶೇಕಡ 22ಕ್ಕೂ ಹೆಚ್ಚು ಕಡೆ ಲೋಪಗಳಿದ್ದವು. ಅರ್ಹರಿಗೆ ಸಿಗಲಿಲ್ಲ, ಅನರ್ಹರಿಗೆ ಸಿಕ್ಕಿತು. ಹೀಗಾದಾಗ ಗೆರೆಯ ಎರಡು ಬದಿಯ ಅಂತರವನ್ನು ನೇರವಾಗಿ ಮನ್ನಾದ ಫಲ ಎನ್ನುವಂತಿಲ್ಲ. ಗೆರೆ ದಾಟಿದ್ದರಿಂದ ನಿಜಕ್ಕೂ ಎಷ್ಟು ಪಾಲು ಜನರ ಮನ್ನಾ ತಪ್ಪಿತು ಎಂದು ನೋಡಿ, ಆ ಪಾಲಿನಿಂದ ಅಂತರವನ್ನು ಭಾಗಿಸಬೇಕು. ನೂರರಲ್ಲಿ ಅರವತ್ತು ಜನರಿಗೆ ಮಾತ್ರ ಗೆರೆಯಿಂದ ಫರಕು ಬಿದ್ದಿದ್ದು, ಕಂಡ ಅಂತರ 3,000 ರೂಪಾಯಿ ಇದ್ದರೆ, ಆ ಅರವತ್ತು ಜನರ ಮೇಲಿನ ನಿಜವಾದ ಪರಿಣಾಮ ತಲೆಗೆ 5,000 ರೂಪಾಯಿ.

ಇಷ್ಟು ಹೇಳಿದ ಮೇಲೆ ಇಲ್ಲಿರುವ ಶಿಕ್ಷಕರಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆಯಿದೆ. ಈ ಲೆಕ್ಕವನ್ನು ಗಡಿಯ ಎರಡೂ ಕಡೆ ಮಾಡಬಲ್ಲವರು ದೂರದ ವಿಶ್ವವಿದ್ಯಾಲಯದವರಿಗಿಂತ ಹೆಚ್ಚಾಗಿ ನೀವು. ಪಹಣಿಯನ್ನೂ ಓದಬಲ್ಲಿರಿ, ಸಾತ್‌ಬಾರಾವನ್ನೂ ಓದಬಲ್ಲಿರಿ. 1956ಕ್ಕೆ ಹಿಂದಿನ ಉರ್ದು ದಫ್ತರ ಓದುವ ಹಿರಿಯರು ನಿಮ್ಮ ಮನೆಗಳಲ್ಲಿ ಇನ್ನೂ ಇರಬಹುದು. 2008ರ ಫಲಾನುಭವಿಗಳ ಪಟ್ಟಿಗಳು, 2007ರ ಸಾಲದ ಖಾತೆಪುಸ್ತಕಗಳು ಯಾವ ಸೊಸೈಟಿಯ ಕಪಾಟಿನಲ್ಲಿ ಉಳಿದಿವೆಯೋ ಅಲ್ಲಿಗೆ ಹೋಗಿ, ಅನುಮತಿ ಪಡೆದು, ರೈತರ ಹೆಸರು ಬಿಟ್ಟು ಜಮೀನು, ಸಾಲ, ಮಾಫಿ ಈ ಮೂರು ಕಾಲಂಗಳನ್ನು ನಕಲು ಮಾಡಿಕೊಳ್ಳಿ. 2 ಹೆಕ್ಟೇರಿನ ಆಚೀಚೆ ಇರುವ ಮನೆಗಳಿಗೆ ಹೋಗಿ ಕೇಳಿ. ಹಾಳೆಗಳು ರದ್ದಿಗೆ ಹೋಗುವ ಮೊದಲು ಈ ಕೆಲಸ ಆಗಬೇಕು.